ಸೊನ್ನೆ ಬೇರೆ, ಅಡ್ಡಗೆರೆ ಬೇರೆ: ಮಳೆ ಲೆಕ್ಕ ಬರೆಯುವ ಹುಡುಗಿಯ ಅರ್ಜಿ

ಶಿರಸಿಯ ಹತ್ತಿರದ ಹಳ್ಳಿಯ ಹುಡುಗಿ. ಅಡಿಕೆ ತೋಟದ ಮನೆ. 2024ರಲ್ಲಿ ಪಿಯುಸಿ ಎರಡನೇ ವರ್ಷ, ಕಲಾ ವಿಭಾಗ. ಇತಿಹಾಸ ಓದಬೇಕು ಅಂತ ಆಸೆ. ಒಂದೇ ವಿಷಯಕ್ಕೆ ಕಟ್ಟಿಹಾಕದೆ ನಾಲ್ಕು ವಿಷಯಗಳ ರುಚಿ ತೋರಿಸಿ ಆಮೇಲೆ ಒಂದನ್ನು ಆರಿಸಿಕೊಳ್ಳಲು ಬಿಡುವ ಲಿಬರಲ್ ಆರ್ಟ್ಸ್ ಕೋರ್ಸುಗಳ ಬಗ್ಗೆ ಅವಳೇ ಓದಿ ತಿಳಿದುಕೊಂಡಿದ್ದಳು. ನಮ್ಮ ದೇಶದಲ್ಲಿ ಸೋನಿಪತ್‌ನ ಅಶೋಕ, ಬೆಂಗಳೂರಿನ ಅಜೀಂ ಪ್ರೇಮ್‌ಜಿ, ಪುಣೆಯ ಫ್ಲೇಮ್, ಶ್ರೀಸಿಟಿಯ ಕ್ರಿಯಾ, ಹೀಗೆ ಇಂಥ ಕೋರ್ಸು ಇರುವ ವಿಶ್ವವಿದ್ಯಾಲಯಗಳು ಕೆಲವಿವೆ. ಅವಳು ದೇಶದೊಳಗೆ ಎರಡು ಕಡೆ, ಜೊತೆಗೆ ಅಮೆರಿಕದ ಕೆಲವು ಸಣ್ಣ ಕಾಲೇಜುಗಳಿಗೆ ಅರ್ಜಿ ಹಾಕುವವಳಿದ್ದಳು. ಹೈಸ್ಕೂಲಿನಲ್ಲಿ ನಾನು ಅವಳಿಗೆ ಇಂಗ್ಲಿಷ್ ಕಲಿಸಿದ್ದೆ. ಆ ಸಲಿಗೆಯಿಂದ ಪ್ರಬಂಧ ತಿದ್ದಿಕೊಡಿ ಅಂತ ಬಂದಳು.

ಅಮೆರಿಕದ ಕಾಲೇಜುಗಳ ಅರ್ಜಿ ಹೆಚ್ಚಾಗಿ ಕಾಮನ್ ಆ್ಯಪ್ ಎಂಬ ಒಂದೇ ನಮೂನೆಯಲ್ಲಿ ಹೋಗುತ್ತದೆ. ಒಂದು ಸಲ ತುಂಬಿದರೆ ಹಲವು ಕಾಲೇಜಿಗೆ ಕಳಿಸಬಹುದು. ಅದರಲ್ಲಿ ನಮ್ಮ ವಿಷಯಕ್ಕೆ ಬೇಕಾದ ಜಾಗ ಎರಡು. ಮೊದಲನೆಯದು ಚಟುವಟಿಕೆಗಳ ಪಟ್ಟಿ. ಹೆಚ್ಚೆಂದರೆ ಹತ್ತು ಸಾಲು, ಒಂದೊಂದರ ವಿವರಣೆಗೆ 150 ಅಕ್ಷರ ಮಾತ್ರ. ಖಾಲಿ ಜಾಗವೂ ಆ ಲೆಕ್ಕದಲ್ಲೇ ಬರುತ್ತದೆ. ಎರಡನೆಯದು ಸ್ವಂತ ಪ್ರಬಂಧ. 250 ಪದಕ್ಕಿಂತ ಕಡಿಮೆ ಇರಬಾರದು, 650 ದಾಟಬಾರದು. ಅಂಕಪಟ್ಟಿ ಬೇರೆ ಕಡೆ ಇರುತ್ತದೆ, ಶಿಕ್ಷಕರ ಪತ್ರವೂ ಬೇರೆ. ಅವೆಲ್ಲ ಹೇಳಲಾರದ್ದನ್ನು ಹೇಳಲಿಕ್ಕೆ ಇರುವುದು ಈ ಪ್ರಬಂಧ.

ಅವಳ ಪಟ್ಟಿಯಲ್ಲಿ ಎನ್‌ಸಿಸಿ ಇತ್ತು, ಪ್ರತಿಭಾ ಕಾರಂಜಿಯ ಬಹುಮಾನ ಇತ್ತು, ಸಂಗೀತದ ಜೂನಿಯರ್ ಪರೀಕ್ಷೆ ಇತ್ತು, ಶಾಲಾ ಸಂಸತ್ತಿನ ಹುದ್ದೆಯೂ ಇತ್ತು. ಮಳೆ ಇರಲಿಲ್ಲ. ಮಳೆಯ ಸುದ್ದಿ ಬಂದದ್ದು ಮಾತಿನ ನಡುವೆ. ಮರುದಿನ ಬೆಳಿಗ್ಗೆ ಬೇಗ ಬಾ ಎಂದೆ. "ಏಳು ಗಂಟೆಗೆ ಮಳೆ ಬರೆಯೂದು ಇರ್ತದೆ ಅಕ್ಕೋರೆ, ಆಮೇಲೆ ಬರ್ತೆ" ಎಂದಳು. ಮಳೆ ಬರೆಯೂದು ಅಂದ್ರೆ ಏನೇ ಎಂದು ಕೇಳಿದಾಗ ವಿಷಯ ಹೊರಬಿತ್ತು. 2020ರ ಜೂನ್‌ನಿಂದ ದಿನಾ ಬೆಳಿಗ್ಗೆ ಅಂಗಳದ ಮಳೆ ಮಾಪಕ ನೋಡಿ ಪುಸ್ತಕದಲ್ಲಿ ಬರೆಯುತ್ತಾಳೆ. ಅದಕ್ಕೂ ಮೊದಲು ಅವಳ ಅಜ್ಜ ಬರೆಯುತ್ತಿದ್ದರು, 1984ರಿಂದ. ನಮ್ಮ ಕಡೆ ತೋಟದವರ ಮನೆಗಳಲ್ಲಿ ಇದು ಅಪರೂಪವೇನೂ ಅಲ್ಲ. ಆದ್ದರಿಂದಲೇ ಇರಬೇಕು, ಅದು ಪಟ್ಟಿಗೆ ಸೇರುವಂಥದ್ದು ಅಂತ ಅವಳಿಗೆ ಹೊಳೆದೇ ಇರಲಿಲ್ಲ. ಅವಳ ಆಯಿಗೂ ಆಶ್ಚರ್ಯ: "ಅದ್ರಲ್ಲಿ ಎಂತ ಇದ್ದು ಬರಿಯಲೆ?"

ಮೊದಲ ಕರಡು

ಮಳೆಯ ಬಗ್ಗೆಯೇ ಬರೆಯುವುದು ಅಂತಾಯಿತು. ಒಂದು ವಾರದಲ್ಲಿ ಕರಡು ತಂದಳು. ಪ್ರಬಂಧ ಇಂಗ್ಲಿಷಿನಲ್ಲಿತ್ತು. ಅದರ ಸಾರವನ್ನು ಕನ್ನಡದಲ್ಲಿ ಹೇಳುತ್ತೇನೆ. "ಮಳೆಯೆಂದರೆ ನನಗೆ ಜೀವ. ಮಳೆ ನನಗೆ ತಾಳ್ಮೆ ಕಲಿಸಿತು, ಶಿಸ್ತು ಕಲಿಸಿತು. ಬದುಕಿನಲ್ಲೂ ಒಮ್ಮೆ ಬಿಸಿಲು ಒಮ್ಮೆ ಮಳೆ. ನನ್ನ ಅಜ್ಜ ದೊಡ್ಡ ಮನುಷ್ಯ, ಅವರಿಂದಲೇ ನಾನು ಎಲ್ಲ ಕಲಿತೆ." ಕೊನೆಯ ಭಾಗ ಹವಾಮಾನ ಬದಲಾವಣೆ ಬಗ್ಗೆ. ಆ ವರ್ಷ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತಿದ್ದರು. ಅದನ್ನೂ ಸೇರಿಸಿದ್ದಳು. ದೊಡ್ಡ ವಿಷಯ ಇದ್ದರೆ ತೂಕ ಬರುತ್ತದೆ ಅಂತ ಯಾರೋ ಹೇಳಿದ್ದರಂತೆ.

ಇಂಗ್ಲಿಷ್ ಚೆನ್ನಾಗಿಯೇ ಇತ್ತು. ಆದರೆ ಹುಡುಗಿ ಅದರಲ್ಲಿ ಎಲ್ಲೂ ಇರಲಿಲ್ಲ.

ಇಂಥ ಕರಡಿಗೆ ನಾನು ಮಾಡಿಸುವ ಒಂದು ಪರೀಕ್ಷೆ ಇದೆ. ಹವ್ಯಾಸದ ಹೆಸರನ್ನು ಅಳಿಸಿ ಬೇರೊಂದು ಹವ್ಯಾಸದ ಹೆಸರು ಹಾಕಿ ಓದುವುದು. "ಚದುರಂಗ ನನಗೆ ತಾಳ್ಮೆ ಕಲಿಸಿತು, ಶಿಸ್ತು ಕಲಿಸಿತು." ಸರಿಯಾಗಿ ಕೂತಿತು. "ಈಜು ನನಗೆ ತಾಳ್ಮೆ ಕಲಿಸಿತು." ಅದೂ ಕೂತಿತು. ಹಾಗೆ ಕೂರುವ ಸಾಲು ಯಾರ ಅರ್ಜಿಯಲ್ಲಾದರೂ ಇರಬಹುದಾದ ಸಾಲು. ಅದರಿಂದ ಈ ಹುಡುಗಿ ಎಂಥವಳು ಅಂತ ಗೊತ್ತಾಗುವುದಿಲ್ಲ. ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಹೀಗೆ ನೋಡಿದೆವು. ಉಳಿದದ್ದು ಒಂದೇ ಒಂದು ಸಾಲು: "ಶಾಲೆ ಶುರುವಾದ ಮೇಲೆ ಎಂಟೂವರೆಯ ಬದಲು ಏಳಕ್ಕೆ ಅಳೆಯತೊಡಗಿದೆ." ಅಲ್ಲಿ ಚದುರಂಗ ಕೂರುವುದಿಲ್ಲ.

ಅಜ್ಜನ ಭಾಗದ ತೊಂದರೆ ಬೇರೆ ಥರದ್ದು. ಅದನ್ನು ಓದಿದವರಿಗೆ ಅಜ್ಜನಿಗೆ ಸೀಟು ಕೊಡಬೇಕು ಅನ್ನಿಸುತ್ತದೆ. ಮನೆಯಿಂದ ಬಂದ ಹವ್ಯಾಸದ ಬಗ್ಗೆ ಬರೆಯುವ ಮಕ್ಕಳಲ್ಲಿ ಇದು ತುಂಬಾ ಜಾಸ್ತಿ. ಹಿರಿಯರ ಮೇಲಿನ ಪ್ರೀತಿ ನಿಜವಾದದ್ದು. ಹಾಗಾಗಿ ಅವರೇ ಕಥೆಯ ನಾಯಕರಾಗಿಬಿಡುತ್ತಾರೆ, ಬರೆಯುವವರು ಪಕ್ಕದಲ್ಲಿ ನಿಂತು ನೋಡುತ್ತಾರೆ.

ಶಿರೂರಿನ ಭಾಗ ತೆಗೆಯಲೇಬೇಕು ಎಂದೆ. ಅವಳ ಮನೆ ಅಲ್ಲಿಂದ ದೂರ. ಅವಳ ಕಡೆಯವರು ಯಾರೂ ಅಲ್ಲಿ ಸಿಕ್ಕಿಕೊಂಡಿರಲಿಲ್ಲ. ಆ ಸಾವುಗಳನ್ನು ತನ್ನ ಅರ್ಜಿಯ ತೂಕಕ್ಕೆ ಬಳಸುವುದು ಸರಿಯಲ್ಲ. ಈ ಮಾತು ಅವಳಿಗೆ ಕೂಡಲೇ ತಟ್ಟಿತು. ಮುಖ ಕೆಂಪಗೆ ಮಾಡಿಕೊಂಡು ಆ ಪ್ಯಾರಾ ಪೂರ್ತಿ ಹೊಡೆದುಹಾಕಿದಳು. ತಿದ್ದುವ ದೃಷ್ಟಿಯಿಂದಲೂ ಅದು ಸರಿಯೇ. ಒಂದು ಮನೆಯ ಅಂಗಳದ ಡಬ್ಬದಿಂದ ಇಡೀ ಭೂಮಿಯ ಹವಾಮಾನಕ್ಕೆ ಜಿಗಿದರೆ, ನಡುವೆ ಇರಬೇಕಾದ ಹುಡುಗಿ ಕಾಣದೆ ಹೋಗುತ್ತಾಳೆ.

ಪುಸ್ತಕ ತಂದ ದಿನ

ಎರಡನೇ ಸಲ ಕರಡು ಬೇಡ, ಮಳೆ ಪುಸ್ತಕ ತಾ ಎಂದೆ. ಹವ್ಯಾಸದ ಬಗ್ಗೆ ಮಕ್ಕಳನ್ನು ಕೇಳಿದರೆ ಭಾವನೆ ಹೇಳುತ್ತಾರೆ. ಹವ್ಯಾಸದ ವಸ್ತುವನ್ನು ಮುಂದಿಟ್ಟು ಕೇಳಿದರೆ ಕೆಲಸ ಹೇಳುತ್ತಾರೆ. ನಮಗೆ ಬೇಕಾದದ್ದು ಆ ಕೆಲಸದ ಒಳಗೆ ಇರುತ್ತದೆ.

ಉದ್ದನೆಯ ಲೆಕ್ಕದ ಪುಸ್ತಕ, ರಟ್ಟಿನ ಮೇಲೆ ಅಡಿಕೆ ಚೊಗರಿನ ಕಲೆ. ಒಳಗೆ ಮೂರು ಕಾಲಮ್: ತಾರೀಕು, ಮಿಲಿಮೀಟರ್, ಷರಾ. ಮೊದಲ ಪುಟದ ತಲೆಯಲ್ಲಿ ಅಳೆಯುವ ಹೊತ್ತು ಬರೆದಿದ್ದಳು. ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ. ಹಿಂದಿನ ದಿನದ 8.30ರಿಂದ ಬಿದ್ದದ್ದೆಲ್ಲ ಈ ದಿನದ ತಾರೀಕಿಗೆ. ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಅವಳಿಗೂ 8.30 ಸಾಧ್ಯವಿತ್ತು. ಶಾಲೆ ತೆರೆದ ಮೇಲೆ ಅಷ್ಟೊತ್ತಿಗೆ ಅವಳು ಬಸ್ಸಿನಲ್ಲಿರುತ್ತಿದ್ದಳು. ಹಾಗಾಗಿ ಏಳು ಗಂಟೆ. ಬದಲಾದ ದಿನ ಪುಸ್ತಕದಲ್ಲಿ ಅಡ್ಡ ಗೀಟು ಎಳೆದು "ಇಂದಿನಿಂದ 7.00" ಅಂತ ಬರೆದಿದ್ದಾಳೆ. ಅಪ್ಪನಿಗೆ 8.30ಕ್ಕೆ ನೋಡಲು ಹೇಳಬಹುದಿತ್ತಲ್ಲ ಎಂದೆ. "ಅಪ್ಪ ಒಂದಿನ ನೋಡ್ತ, ಒಂದಿನ ತೋಟದಲ್ಲಿರ್ತ. ಒಂದೇ ಹೊತ್ತಿಗೆ ಆಗೂದು ಮುಖ್ಯ, ಯಾವ ಹೊತ್ತು ಅಂತ ಅಲ್ಲ" ಎಂದಳು.

ಆಮೇಲೆ ಕಣ್ಣಿಗೆ ಬಿದ್ದದ್ದು ಮಿಲಿಮೀಟರ್ ಕಾಲಮ್ಮು. ಕೆಲವು ದಿನ 0. ಕೆಲವು ದಿನ ಸಣ್ಣ ಅಡ್ಡಗೆರೆ. ಕೆಲವು ಕಡೆ "ಹ" ಅಂತ ಒಂದೇ ಅಕ್ಷರ. ಏನಿದು ಎಂದೆ. ಸೊನ್ನೆ ಅಂದರೆ ಹೋಗಿ ನೋಡಿದೆ, ಮಳೆ ಇರಲಿಲ್ಲ. ಅಡ್ಡಗೆರೆ ಅಂದರೆ ಆ ದಿನ ನೋಡಲಿಲ್ಲ. "ಹ" ಅಂದರೆ ಹನಿ ಬಿದ್ದು ಡಬ್ಬದ ತಳ ಒದ್ದೆಯಾಗಿದೆ, ಆದರೆ ಮೊದಲ ಗೆರೆಗೂ ಮುಟ್ಟಿಲ್ಲ. ಜನವರಿಯ ಪುಟದಲ್ಲಿ ಉದ್ದಕ್ಕೂ ಸೊನ್ನೆಗಳು. ಮಳೆಯೇ ಬಾರದ ತಿಂಗಳಲ್ಲೂ ದಿನಾ ಹೋಗಿ ನೋಡಿದ್ದಾಳೆ. ನಡುವೆ ಮೂರು ಅಡ್ಡಗೆರೆ, ಷರಾದಲ್ಲಿ "ದೊಡ್ಡಮ್ಮನ ಮನೆ". ಜನವರಿಯಲ್ಲಿ ಆ ಮೂರು ದಿನ ಸೊನ್ನೆ ಹಾಕಿದ್ದರೂ ಯಾರೂ ಕೇಳುತ್ತಿರಲಿಲ್ಲ, ಬಹುಶಃ ಅದು ನಿಜವೂ ಆಗಿರುತ್ತಿತ್ತು. ಆದರೂ ಹಾಕಲಿಲ್ಲ.

2021ರ ಜುಲೈ ಪುಟವನ್ನೂ ನೋಡಿದೆ. ಆ ತಿಂಗಳ 22, 23ರ ಮಳೆ ನಮ್ಮ ಜಿಲ್ಲೆಯವರಿಗೆ ಮರೆಯುವಂಥದ್ದಲ್ಲ. ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದದ್ದು, ಗುಳ್ಳಾಪುರದ ಸೇತುವೆ ಕೊಚ್ಚಿಹೋದದ್ದು ಆಗಲೇ. ಅವಳ ಮಾಪಕ 150 ಮಿಲಿಮೀಟರ್ ತನಕ ಗೆರೆ ಇರುವ ಪ್ಲಾಸ್ಟಿಕ್ ನಳಿಕೆ. ಬೆಳಿಗ್ಗೆ ನೋಡುವಾಗ ತುಂಬಿ ಚೆಲ್ಲುತ್ತಿತ್ತು. ಕಾಲಮ್ಮಿನಲ್ಲಿ "150+" ಅಂತಷ್ಟೇ ಇದೆ. ಪೇಪರಿನಲ್ಲಿ ಬಂದ ತಾಲೂಕಿನ ಅಂಕಿ ಷರಾದಲ್ಲಿದೆ, ಪಕ್ಕದಲ್ಲಿ "ಪೇಪರ್" ಅಂತ ಬರೆದಿದ್ದಾಳೆ. ತನ್ನ ಅಂಕಿಯ ಜಾಗದಲ್ಲಿ ಇನ್ನೊಬ್ಬರ ಅಂಕಿ ಬರಬಾರದು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪ್ರಬಂಧ ಅಲ್ಲೇ ಸಿಕ್ಕಿತು ಅಂತ ನನಗೆ ಅನ್ನಿಸಿತು. ಅವಳು ಇನ್ನೂ ಒಂದು ಪುಟ ತಿರುಗಿಸಿದಳು.

ಅಜ್ಜನ ಹುಬ್ಬಳ್ಳಿ ವಾರ

ಹಿಂದಿನ ವರ್ಷದ ರಜೆಯಲ್ಲಿ ಅಜ್ಜನ ಹಳೇ ಪುಸ್ತಕಗಳನ್ನು ಅವಳು ಕಂಪ್ಯೂಟರಿಗೆ ಹಾಕುತ್ತಿದ್ದಳು. ಅಜ್ಜ ಬರೆದದ್ದು ಇಂಚಿನಲ್ಲಿ. ಒಂದಿಂಚಿಗೆ 25.4 ಮಿಲಿಮೀಟರಿನಂತೆ ಪರಿವರ್ತಿಸಿ ಹಾಕಬೇಕು. ಹಾಕುತ್ತ ಹೋದಾಗ ಒಂದು ವಿಷಯ ಕಂಡಿತು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ದಿನವೂ ಖಾಲಿ ಇಲ್ಲ. ಯಾವ ಮನುಷ್ಯ ಅಷ್ಟು ವರ್ಷ ಒಂದು ದಿನವೂ ಮನೆಬಿಟ್ಟು ಹೋಗದೆ ಇರುತ್ತಾನೆ?

ಅಜ್ಜ ಅದೇ ಪುಸ್ತಕದ ಹಿಂಬದಿಯಲ್ಲಿ ಮನೆ ಖರ್ಚು ಬರೆಯುತ್ತಿದ್ದರು. 1992ರ ಆಗಸ್ಟಿನಲ್ಲಿ ಒಂದು ಕಡೆ ಹುಬ್ಬಳ್ಳಿ ಬಸ್ಸು, ಡಾಕ್ಟರು, ಔಷಧಿ, ಊಟ ಅಂತ ಐದು ದಿನದ ಖರ್ಚಿದೆ. ಮುಂಬದಿಯಲ್ಲಿ ಅದೇ ಐದು ದಿನದ ಮಳೆ: 1, 1½, 1, 2, 1. ಬೇರೆ ದಿನಗಳಲ್ಲಿ ಇಂಚಿನ ಹತ್ತನೇ ಒಂದಂಶದವರೆಗೂ ಬರೆಯುವವರು, ಆ ಐದು ದಿನ ಮಾತ್ರ ಪೂರ್ತಿ ಇಂಚು, ಇಲ್ಲವೇ ಅರ್ಧ. ಅಂದಾಜಿನಲ್ಲಿ ಬರೆದ ಅಂಕಿಗೆ ಇದೇ ಗುರುತು. ಅಳೆದದ್ದು ಎಲ್ಲೆಲ್ಲೋ ನಿಲ್ಲುತ್ತದೆ, ಊಹಿಸಿದ್ದು ಪೂರ್ಣ ಸಂಖ್ಯೆಯಲ್ಲೇ ಬಂದು ನಿಲ್ಲುತ್ತದೆ. ಆಮೇಲೆ ಅಂಥ ವಾರಗಳನ್ನು ಹುಡುಕುತ್ತ ಹೋದಳು. ಇನ್ನೂ ಹಲವು ಸಿಕ್ಕಿದವು.

ಅಜ್ಜನ ಹತ್ತಿರ ಕೇಳಿದಳು. ಅಜ್ಜ ಮುಚ್ಚಿಡಲಿಲ್ಲ. "ಖಾಲಿ ಬಿಟ್ರೆ ಚಂದ ಕಾಣ್ತಿಲ್ಲೆ" ಎಂದರು.

"ಸಿಟ್ಟು ಬಂತಾ?" ಎಂದು ನಾನು ಕೇಳಿದೆ. ಬಂತು ಎಂದಳು. ಎರಡು ದಿನ ಅಜ್ಜನ ಜೊತೆ ಸರಿಯಾಗಿ ಮಾತಾಡಲಿಲ್ಲವಂತೆ. ಊರಿನವರೆಲ್ಲ ಮಳೆ ಲೆಕ್ಕಕ್ಕೆ ಅಜ್ಜನ ಹತ್ತಿರ ಬರುತ್ತಿದ್ದರು. ಆಮೇಲೆ ಏನು ಮಾಡಿದೆ ಎಂದೆ. ಇಲ್ಲಿ ಅವಳು ಹೇಳಿದ್ದೇ ಇಡೀ ಪ್ರಬಂಧದ ಜೀವ. ಅಜ್ಜನ ಅಂಕಿ ಅಳಿಸಲಿಲ್ಲ. ತಿದ್ದಲೂ ಇಲ್ಲ. ಹಾಗೆಯೇ ಎಕ್ಸೆಲ್‌ನಲ್ಲಿ ಹಾಕಿ, ಅನುಮಾನ ಇದ್ದ ಚೌಕಗಳಿಗೆ ಹಳದಿ ಬಣ್ಣ ತುಂಬಿದಳು. ಪಕ್ಕದಲ್ಲಿ ಒಂದು ಹೊಸ ಕಾಲಮ್ ಮಾಡಿದಳು: ಅಳೆದವರು ಯಾರು. ಅಲ್ಲಿ ಮೂರು ಬಗೆ: ಅಜ್ಜ, ನಾನು, ಗೊತ್ತಿಲ್ಲ. ಆಮೇಲೆ ಅಜ್ಜನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳದಿ ಚೌಕಗಳನ್ನು ಒಂದೊಂದಾಗಿ ತೋರಿಸಿದಳು. ಅಜ್ಜ ಕೆಲವಕ್ಕೆ "ಇದು ಅಳೆದದ್ದೇ, ಆ ದಿನ ಹೊಳೆ ಬಂದಿತ್ತು" ಅಂದರು. ಅವುಗಳ ಹಳದಿ ತೆಗೆದಳು. ಉಳಿದವು ಹಳದಿಯಾಗಿಯೇ ಉಳಿದವು.

ಇದನ್ನು ಅವಳು ಮೊದಲ ಕರಡಿನಲ್ಲಿ ಯಾಕೆ ಬರೆಯಲಿಲ್ಲ? ಅಜ್ಜನ ಮಾನ ಹೋಗುತ್ತದೆ ಅಂತ. ಅದು ಸಣ್ಣ ಮಾತಲ್ಲ. ಅಜ್ಜನನ್ನು ಕೇಳಿಯೇ ಬರೆ, ಬೇಡವೆಂದರೆ ಬಿಟ್ಟುಬಿಡೋಣ, 150+ ಪುಟವೇ ಸಾಕು ಎಂದೆ. ಮಾರನೇ ದಿನ ಬಂದು ಹೇಳಿದಳು. ಅಜ್ಜ ಪೂರ್ತಿ ಕೇಳಿಸಿಕೊಂಡು "ಬರಿ. ಖರೇನೆ ಅಲ್ದಾ" ಅಂದರಂತೆ.

650 ಪದದೊಳಗೆ

ಕಾಮನ್ ಆ್ಯಪ್‌ನಲ್ಲಿ ಪ್ರಬಂಧಕ್ಕೆ ಏಳು ಪ್ರಶ್ನೆಗಳಿರುತ್ತವೆ, ಒಂದನ್ನು ಆರಿಸಿಕೊಳ್ಳಬೇಕು. ಅವಳು ಆರಿಸಿದ್ದು ಹೊತ್ತು ಹೋದದ್ದೇ ತಿಳಿಯದಷ್ಟು ಹಿಡಿಸುವ ವಿಷಯದ ಬಗ್ಗೆ ಕೇಳುವ ಪ್ರಶ್ನೆ. ಅದರಲ್ಲಿ ಮೂರು ತುಂಡಿವೆ. ಯಾವ ವಿಷಯ, ಯಾಕೆ ಹಿಡಿಸುತ್ತದೆ, ಇನ್ನೂ ತಿಳಿಯಬೇಕೆಂದರೆ ಏನನ್ನು ಅಥವಾ ಯಾರನ್ನು ಆಶ್ರಯಿಸುತ್ತೀರಿ. ಮೂರನೆಯದನ್ನು ಮಕ್ಕಳು ಹೆಚ್ಚಾಗಿ ಮರೆತೇಬಿಡುತ್ತಾರೆ, ಇಲ್ಲವೇ ಕೊನೆಗೆ ಒಂದು ಸಾಲು ಅಂಟಿಸುತ್ತಾರೆ. ಇವಳಿಗೆ ಅದೇ ಮುಖ್ಯ ಭಾಗವಾಯಿತು. ಅಜ್ಜ ಅಲ್ಲಿ ಬಂದರು, ಆದರೆ ಈ ಸಲ ನಾಯಕನಾಗಿ ಅಲ್ಲ. ಅವಳು ಪ್ರಶ್ನೆ ಕೇಳಬೇಕಾದ ಮನುಷ್ಯನಾಗಿ, ಪ್ರಶ್ನಿಸಲೂ ಬೇಕಾದ ಮನುಷ್ಯನಾಗಿ ಬಂದರು.

ಹೊಸ ಕರಡಿನ ಶುರು ಹೀಗಿತ್ತು: "ನನ್ನ ಪುಸ್ತಕದಲ್ಲಿ ಸೊನ್ನೆ ಅಂದರೆ ನಾನು ನೋಡಿದೆ, ಮಳೆ ಇರಲಿಲ್ಲ. ಅಡ್ಡಗೆರೆ ಅಂದರೆ ನಾನು ನೋಡಲಿಲ್ಲ. ಅಜ್ಜನ ಪುಸ್ತಕದಲ್ಲಿ ಅಡ್ಡಗೆರೆಯೇ ಇಲ್ಲ." ಮೂರೇ ವಾಕ್ಯ. ಮಳೆ ಅಂದರೆ ಜೀವ ಅನ್ನುವ ಮಾತಿಲ್ಲ, ಊರಿನ ವರ್ಣನೆಯಿಲ್ಲ. ಓದುವವರಿಗೆ ಮುಂದೇನು ಅಂತ ಅನ್ನಿಸುತ್ತದೆ. ಅರ್ಧದಷ್ಟು ಪದ ಹುಬ್ಬಳ್ಳಿ ವಾರಕ್ಕೆ ಮತ್ತು ಹಳದಿ ಚೌಕಗಳಿಗೆ ಹೋಯಿತು. 150+ ರಾತ್ರಿಗೆ ಎರಡು ಸಾಲು ಮಾತ್ರ ಸಿಕ್ಕಿತು. ಅದು ಕೇಳಲು ರೋಚಕ ನಿಜ, ಆದರೆ ಅಲ್ಲಿ ಅವಳು ಮಾಡಿದ್ದು ಸುಲಭದ ಆಯ್ಕೆ. ಅಜ್ಜನ ಅಂಕಿಯ ಮುಂದೆ ಕೂತಾಗ ಆಯ್ಕೆ ಕಷ್ಟದ್ದಿತ್ತು. ಒಂದು ಕಡೆ ಲೆಕ್ಕದ ಸತ್ಯ, ಇನ್ನೊಂದು ಕಡೆ ಮನೆಯ ಹಿರಿಯ. ಸ್ವಭಾವ ತಿಳಿಯುವುದು ಇಂಥ ಕಡೆಯೇ. ಹವ್ಯಾಸ ಎಷ್ಟು ದೊಡ್ಡದು ಅನ್ನುವುದರಿಂದ ಅಲ್ಲ, ಅದರೊಳಗೆ ಯಾರೂ ನೋಡದಾಗ ಏನು ಮಾಡಿದಳು ಅನ್ನುವುದರಿಂದ.

ಪ್ರಾಮಾಣಿಕತೆ, ಶಿಸ್ತು, ತಾಳ್ಮೆ ಎಂಬ ಮೂರು ಪದಗಳನ್ನು ಎಲ್ಲೂ ಬಳಸಬಾರದು ಅಂತ ಒಂದು ಕಟ್ಟು ಹಾಕಿಕೊಂಡೆವು. ಅವಳಿಗೆ ಕಷ್ಟವಾಯಿತು. ಪ್ರತಿ ಪ್ಯಾರಾದ ಕೊನೆಗೆ ಕೈ ತನ್ನಷ್ಟಕ್ಕೆ ಅಲ್ಲಿಗೇ ಹೋಗುತ್ತಿತ್ತು. ಪರೀಕ್ಷೆಯಲ್ಲಿ "ಇದರಿಂದ ನಾವು ತಿಳಿಯುವುದೇನೆಂದರೆ" ಅಂತ ಮುಗಿಸಿ ಅಂಕ ತೆಗೆದ ಅಭ್ಯಾಸ ಅದು. ನಾವು ಶಿಕ್ಷಕರೇ ಕಲಿಸಿದ್ದು.

ಬೆಂಗಳೂರಿನಲ್ಲಿರುವ ಅವಳ ಮಾವ ನಡುವೆ ಒಮ್ಮೆ ಕರಡನ್ನು "ಪಾಲಿಶ್" ಮಾಡಿ ಕಳಿಸಿದರು. ಸಹಾಯ ಮಾಡುವ ಮನಸ್ಸಿನಿಂದಲೇ. ಸಣ್ಣ ವಾಕ್ಯಗಳೆಲ್ಲ ಸೇರಿ ಉದ್ದವಾಗಿದ್ದವು. ಅಜ್ಜ ಹೋಗಿ ಇಂಗ್ಲಿಷಿನ ತಾತ ಬಂದಿದ್ದ. ಒದ್ದೆ ಮಣ್ಣಿನ ಪರಿಮಳ ಬೇರೆ ಸೇರಿಕೊಂಡಿತ್ತು. ಅದನ್ನು ಜೋರಾಗಿ ಓದು ಎಂದೆ. ಅರ್ಧಕ್ಕೆ ನಿಲ್ಲಿಸಿ "ಇದು ನಾನಲ್ಲ" ಎಂದಳು. ಹಳೆಯದಕ್ಕೇ ಮರಳಿದೆವು. "ಅಜ್ಜ" ಎಂಬ ಪದ ಇಂಗ್ಲಿಷ್ ಪ್ರಬಂಧದಲ್ಲಿ ಹಾಗೆಯೇ ಉಳಿಯಿತು, ಅರ್ಥ ಬರೆಯದೆ. ಸಂದರ್ಭದಿಂದ ಯಾರಿಗಾದರೂ ಗೊತ್ತಾಗುತ್ತದೆ. ತಿದ್ದುವವರು ತಪ್ಪು ತೋರಿಸಬಹುದು, ಪ್ರಶ್ನೆ ಕೇಳಬಹುದು. ವಾಕ್ಯ ಬರೆದುಕೊಡಬಾರದು. ಹದಿನೇಳರ ಹುಡುಗಿಯ ಪ್ರಬಂಧದಲ್ಲಿ ನಲವತ್ತೈದರ ವಾಕ್ಯ ಬಂದರೆ ಇಂಥ ಪ್ರಬಂಧಗಳನ್ನು ರಾಶಿಗಟ್ಟಲೆ ಓದುವವರ ಕಿವಿಗೆ ಅದು ಕೂಡಲೇ ತಾಗುತ್ತದೆ.

ಸರಿಹೋಯಿತೋ ಇಲ್ಲವೋ ಅಂತ ನೋಡಲು ಕುಮಟಾದ ಗಣಿತ ಶಿಕ್ಷಕಿಯೊಬ್ಬರಿಗೆ ಎರಡೂ ಕರಡು ಕಳಿಸಿದೆ. ಅವರಿಗೆ ಹುಡುಗಿಯ ಪರಿಚಯ ಇಲ್ಲ. ಒಂದೇ ಪ್ರಶ್ನೆ: ಬರೆದವಳು ಎಂಥವಳು? ಮೊದಲ ಕರಡಿಗೆ ಬಂದ ಉತ್ತರ: "ಒಳ್ಳೆ ಹುಡುಗಿ, ಪರಿಸರ ಪ್ರೀತಿ ಇದೆ." ಎರಡನೆಯದಕ್ಕೆ: "ಸ್ವಲ್ಪ ಮೊಂಡು. ಆದ್ರೆ ಅಜ್ಜನ ಮರ್ಯಾದೆ ಕಾದಳು. ಇವಳ ಕೈಗೆ ಲೆಕ್ಕ ಕೊಟ್ರೆ ನಿಶ್ಚಿಂತೆಯಿಂದ ಇರಬಹುದು." ಈ ಮೂರರಲ್ಲಿ ಒಂದೂ ಪ್ರಬಂಧದಲ್ಲಿ ಬರೆದಿರಲಿಲ್ಲ.

ಪಟ್ಟಿಯಲ್ಲಿ ಒಂದು ಗಂಟೆ

ಪ್ರಬಂಧ ಒಂದೇ ಅರ್ಜಿಯಲ್ಲ. ಮಳೆ ಲೆಕ್ಕ ಚಟುವಟಿಕೆ ಪಟ್ಟಿಯಲ್ಲೂ ಬರಬೇಕಿತ್ತು, ಇಲ್ಲವಾದರೆ ಪ್ರಬಂಧಕ್ಕೆಂದೇ ಹುಟ್ಟಿಸಿದ ಹವ್ಯಾಸದಂತೆ ಕಾಣುತ್ತದೆ. ಆ 150 ಅಕ್ಷರದಲ್ಲಿ ಒಣ ವಿವರ ಹಾಕಿದೆವು: 2020ರಿಂದ ದಿನಾ ಮಳೆ ದಾಖಲೆ, ಅಜ್ಜನ 1984ರಿಂದಿನ ಪುಸ್ತಕ ಕಂಪ್ಯೂಟರಿಗೆ, ಅಂದಾಜಿನ ದಿನಗಳಿಗೆ ಗುರುತು. ಅಂಕಿ ಅಂಶ ಅಲ್ಲಿ ಕೂತದ್ದರಿಂದ ಪ್ರಬಂಧ ಹಗುರಾಯಿತು.

ಪ್ರತಿ ಚಟುವಟಿಕೆಗೂ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತ ಕೇಳುತ್ತಾರೆ. ದಿನಕ್ಕೆ ಐದು ಹತ್ತು ನಿಮಿಷದ ಕೆಲಸ ಇದು. ವಾರಕ್ಕೆ ಒಂದು ಗಂಟೆ. ಪಟ್ಟಿಯಲ್ಲಿ ಎನ್‌ಸಿಸಿಗೆ ಆರು ಗಂಟೆ ಇರುವಾಗ ಇದಕ್ಕೆ ಒಂದು ಅಂದರೆ ಚಿಕ್ಕದಾಗಿ ಕಾಣುತ್ತದೆ, ಐದು ಹಾಕು ಅಂತ ಅವಳ ಗೆಳತಿ ಹೇಳಿದಳಂತೆ. ಹುಡುಗಿ ಒಂದೇ ಹಾಕಿದಳು, ವಾರ 52. ಖಾಲಿ ಜಾಗವನ್ನು ಅಂದಾಜಿನಿಂದ ತುಂಬಬಾರದು ಅನ್ನುವ ಪ್ರಬಂಧದ ಪಕ್ಕದಲ್ಲಿ ಉಬ್ಬಿಸಿದ ಗಂಟೆ ಇದ್ದರೆ ಹೇಗಿರುತ್ತಿತ್ತು ಯೋಚಿಸಿ. ಅರ್ಜಿಯ ಎಲ್ಲ ತುಂಡುಗಳನ್ನೂ ಒಬ್ಬರೇ ಕೂತು ಓದುತ್ತಾರೆ ಅಂತ ಇಟ್ಟುಕೊಂಡೇ ತುಂಬಬೇಕು. ಕ್ರಮದಲ್ಲಿ ಅದನ್ನು ಮೂರನೆಯದಾಗಿ ಇಟ್ಟಳು. ಮೊದಲಿಗೇ ಇಡು ಅಂತ ನಾನು ಒತ್ತಾಯಿಸಲಿಲ್ಲ.

ಇತಿಹಾಸಕ್ಕೂ ಇದಕ್ಕೂ ಗಂಟು ಹಾಕಬೇಕೇ ಅನ್ನುವುದರ ಬಗ್ಗೆ ಬಹಳ ಹೊತ್ತು ಮಾತಾಡಿದೆವು. ಗಂಟು ಹಾಕುವುದು ಸುಲಭ. ದಾಖಲೆಯಲ್ಲಿ ಇಲ್ಲದ್ದು, ದಾಖಲೆ ಬರೆದವರ ಕೈವಾಡ, ಖರ್ಚಿನ ಲೆಕ್ಕದಿಂದ ಮಳೆ ಲೆಕ್ಕವನ್ನು ಪರೀಕ್ಷಿಸಿದ್ದು, ಎಲ್ಲವೂ ಇತಿಹಾಸಕಾರರ ಕೆಲಸವೇ. ಆದರೆ "ಆದ್ದರಿಂದ ನಾನು ಇತಿಹಾಸ ಓದಬಯಸುತ್ತೇನೆ" ಅಂತ ಬರೆದ ಕ್ಷಣ, ಅಲ್ಲಿಯವರೆಗಿನ ಹವ್ಯಾಸವೆಲ್ಲ ಅರ್ಜಿಗಾಗಿ ಮಾಡಿದ ತಯಾರಿಯಂತೆ ಕಾಣತೊಡಗುತ್ತದೆ. ಬಿಟ್ಟುಬಿಡು ಎಂದೆ. ಇತಿಹಾಸ ಯಾಕೆ ಅನ್ನುವ ಬೇರೆ ಸಣ್ಣ ಪ್ರಶ್ನೆಗೆ ಅವಳು ಬನವಾಸಿಯ ಬಗ್ಗೆ ಬರೆದಳು, ಮಳೆಯ ಸುದ್ದಿಯೇ ತೆಗೆಯದೆ. ಎರಡನ್ನೂ ಪಕ್ಕಪಕ್ಕ ಓದಿದವರು ಬೇಕಿದ್ದರೆ ಗಂಟು ಹಾಕಿಕೊಳ್ಳಲಿ.

ಸಂದರ್ಶನ

ನಮ್ಮ ದೇಶದ ಒಂದು ಕಡೆ ಸಂದರ್ಶನಕ್ಕೆ ಕರೆದರು. ಅಲ್ಲಿ ಕೇಳಿದ್ದರಲ್ಲಿ ಹೆಚ್ಚಿನದು ಮಳೆಯದ್ದೇ. ಮೊದಲ ಪ್ರಶ್ನೆ: ಅಜ್ಜನ ತಪ್ಪು ಅಂಕಿ ಇರುವಾಗ ಆ ಪುಸ್ತಕ ಯಾವ ಕೆಲಸಕ್ಕೆ ಬರುತ್ತದೆ? ಹಳದಿ ಬಿಟ್ಟು ಉಳಿದದ್ದು ಬರುತ್ತದೆ, ಹಳದಿ ದಿನಗಳಲ್ಲಿ ಅಜ್ಜ ಎಲ್ಲಿದ್ದರು ಅನ್ನುವುದಕ್ಕೆ ಹಳದಿಯೂ ಬರುತ್ತದೆ ಎಂದಳಂತೆ.

ಎರಡನೆಯದು ಇನ್ನೂ ಹರಿತವಾಗಿತ್ತು. ನಮ್ಮ ಜಿಲ್ಲೆಯಲ್ಲಿ ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ಪರಿಹಾರ ಲೆಕ್ಕವಾಗುವುದು ಪಂಚಾಯ್ತಿ ಮಟ್ಟದ ಮಳೆ ಮಾಪಕದ ಅಂಕಿಯ ಮೇಲೆ, ಮನೆಯ ಪುಸ್ತಕದ ಮೇಲಲ್ಲ. ಪಂಚಾಯ್ತಿಯ ಅಂಕಿ ಒಂದು, ನಿನ್ನ ಅಂಕಿ ಇನ್ನೊಂದು ಇದ್ದರೆ ಯಾವುದು ಸರಿ ಅಂತ ಕೇಳಿದರು. "ಎರಡೂ ಸರಿ ಇರಬಹುದು. ನಡುವೆ ಗುಡ್ಡ ಇದೆ" ಎಂದಳು. ಘಟ್ಟದ ಮಳೆ ಹಾಗೆಯೇ, ಗುಡ್ಡದ ಆ ಮಗ್ಗುಲು ಹೊಯ್ಯುವಾಗ ಈ ಮಗ್ಗುಲಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಆಮೇಲೆ ತಾನೇ ಸೇರಿಸಿದಳಂತೆ: ನನ್ನ ಮಾಪಕದ ಪಕ್ಕ ಒಂದು ಹಲಸಿನ ಮರ ದೊಡ್ಡದಾಗಿದೆ, ಮರದ ಎತ್ತರದ ಎರಡರಷ್ಟಾದರೂ ದೂರ ಇರಬೇಕಿತ್ತು, ಹಾಗಾಗಿ ಈಚಿನ ವರ್ಷದಲ್ಲಿ ನನ್ನದೇ ಕಡಿಮೆ ತೋರಿಸುತ್ತಿರಬಹುದು.

ಸುಮ್ನೆ ಅರ್ಜಿಗೆಂದು ಹವ್ಯಾಸ ಹುಟ್ಟಿಸಿಕೊಂಡವರು ಸಿಕ್ಕಿಬೀಳುವುದು ಇಲ್ಲೇ, ಎರಡನೇ ಪ್ರಶ್ನೆಯಲ್ಲಿ. ಮೊದಲ ಪ್ರಶ್ನೆಗೆ ತಯಾರಿ ಇರುತ್ತದೆ. ಹಲಸಿನ ಮರಕ್ಕೆ ತಯಾರಿ ಮಾಡಲಾಗುವುದಿಲ್ಲ. ನಾನು ಅವಳಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ, ಮರದ ವಿಷಯ ನನಗೆ ಗೊತ್ತೂ ಇರಲಿಲ್ಲ.

ಅಮೆರಿಕದ ಕಾಲೇಜುಗಳಲ್ಲಿ ಎರಡು ಇಲ್ಲ ಎಂದವು. ಒಂದು ಸೀಟು ಕೊಟ್ಟಿತು, ಆದರೆ ಕೊಟ್ಟ ನೆರವು ಮನೆಯ ಕೈಗೆಟುಕುವಷ್ಟು ಇರಲಿಲ್ಲ. ಸಂದರ್ಶನ ಮಾಡಿದ ಕಡೆ ಸೀಟೂ ಸಿಕ್ಕಿತು, ಫೀಸಿನ ದೊಡ್ಡ ಪಾಲು ಮನ್ನಾ ಕೂಡ ಆಯಿತು. ಅಲ್ಲಿಗೇ ಸೇರಿದಳು. ಯಾರೂ ಕಾರಣ ಬರೆದು ಕಳಿಸುವುದಿಲ್ಲ, ಆದ್ದರಿಂದ ಪ್ರಬಂಧದಿಂದಲೇ ಸೀಟು ಸಿಕ್ಕಿತು ಅಂತ ನಾನು ಹೇಳಲಾರೆ. ಅಂಕ ಇತ್ತು, ಲೆಕ್ಚರರ ಪತ್ರ ಇತ್ತು. ಸಂದರ್ಶನ ಹೆಚ್ಚಾಗಿ ಪ್ರಬಂಧದ ಮೇಲೆಯೇ ನಡೆಯಿತು ಅನ್ನುವುದಷ್ಟನ್ನು ಖಚಿತವಾಗಿ ಹೇಳಬಹುದು.

ಒಂದು ವಿಷಯದಲ್ಲಿ ಅವಳಿಗೂ ನನಗೂ ಈಗಲೂ ಒಪ್ಪಂದವಿಲ್ಲ. ಅಜ್ಜ ಒಪ್ಪಿಕೊಂಡ ನಂತರ ಎರಡು ದಿನ ಮಾತು ಬಿಟ್ಟ ಸಂಗತಿಯನ್ನು ಅವಳು ಪ್ರಬಂಧದಲ್ಲಿ ಸೇರಿಸಲಿಲ್ಲ. ಹಳದಿ ಬಣ್ಣದ ಹಿಂದೆ ಸಿಟ್ಟೂ ಇತ್ತು ಅಂತ ಗೊತ್ತಾದರೆ ಅವಳು ಇನ್ನೂ ಹತ್ತಿರದವಳಾಗುತ್ತಾಳೆ, ಎರಡು ಸಾಲು ಸಾಕು ಅಂತ ನನ್ನ ವಾದ. ಅದು ಅಜ್ಜನಿಗೂ ತನಗೂ ಸಂಬಂಧಪಟ್ಟದ್ದು, ಕಾಲೇಜಿನವರಿಗಲ್ಲ ಅಂತ ಅವಳದ್ದು. ಬರೆಯುವವಳು ಅವಳು. ಆ ಎರಡು ಸಾಲಿಲ್ಲದೆಯೇ ಅರ್ಜಿ ಹೋಯಿತು.